ಮೈಲುತುತ್ತಕ್ಕೆ ಹತ್ತು ಪಟ್ಟು ನೀರು, ವೋಲ್ಟೇಜ್ ಮಾತ್ರ ಅಲ್ಲೇ

ಮಾನ್ಯ ಸಂಪಾದಕರಿಗೆ ನಮಸ್ಕಾರ. ಮಗಳು ಸೆಕೆಂಡ್ ಪಿಯು ಓದ್ತಿದ್ದಾಳೆ. ತೋಟಕ್ಕೆ ತಂದ ಮೈಲುತುತ್ತ, ಗದ್ದೆಗೆ ತಂದ ಜಿಂಕ್ ಸಲ್ಫೇಟ್ ತಗೊಂಡು ಇಬ್ಬರೂ ಸೇರಿ ಮನೇಲಿ ಗ್ಯಾಲ್ವಾನಿಕ್ ಸೆಲ್ ಮಾಡಿದ್ವಿ. ಮೀಟರ್ 1.086 ವೋಲ್ಟ್ ತೋರಿಸ್ತು. ಮೈಲುತುತ್ತದ ನೀರನ್ನ ಹತ್ತು ಪಟ್ಟು ತೆಳು ಮಾಡಿದ್ರೂ 1.070ಕ್ಕೆ ಇಳೀತು, ಅಷ್ಟೇ. ಜಿಂಕ್ ಕಡೆ ತೆಳು ಮಾಡಿದ್ರೆ ಇಳಿಯೋದು ಬಿಟ್ಟು ಏರಿತು! ಔಷಧಿಗೆ ನೀರು ಜಾಸ್ತಿ ಆದ್ರೆ ಅದು ಕೆಲಸಾನೇ ಮಾಡಲ್ಲ. ಇಲ್ಲಿ ಯಾಕೆ ಹೀಗೆ? ಮಗಳು ಸೂತ್ರ ಹೇಳ್ತಾಳೆ, ಕಾರಣ ಕೇಳಿದ್ರೆ ಗೊತ್ತಿಲ್ಲ ಅಂತಾಳೆ. ಒಂದು ಕೆಂಪು ಎಲ್‌ಇಡಿ ಜೋಡಿಸಿದ್ವಿ, ಅದೂ ಉರೀಲಿಲ್ಲ.
— ಒಬ್ಬ ಅಡಿಕೆ ಬೆಳೆಗಾರ, ಚನ್ನಗಿರಿ ತಾಲ್ಲೂಕು

ನಮಸ್ಕಾರ. ಮೊದಲು ನಿಮ್ಮ ತೋಟದಿಂದಲೇ ಶುರು ಮಾಡೋಣ. ಕೊಳೆರೋಗಕ್ಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ನೀರಿಗೆ ಸುಣ್ಣ ಸೇರಿಸಿ ಬೋರ್ಡೋ ಕಲಸಿದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡುತ್ತೀರಿ, ಅಲ್ವಾ? ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತೀರಿ. ಆ ಕೆಂಪು ಶುದ್ಧ ತಾಮ್ರ. ಕಬ್ಬಿಣ ತನ್ನ ಎಲೆಕ್ಟ್ರಾನುಗಳನ್ನು ಕೊಟ್ಟು ನೀರಿಗೆ ಇಳಿಯಿತು. ನೀರಿನಲ್ಲಿದ್ದ ತಾಮ್ರದ ಅಯಾನು, ಅಂದರೆ ಧನ ವಿದ್ಯುತ್ ಹೊತ್ತ ತಾಮ್ರದ ಕಣ, ಅವನ್ನು ಪಡೆದು ಲೋಹವಾಗಿ ಅಲಗಿಗೆ ಅಂಟಿತು. ಕೊಡುವವನೂ ಪಡೆಯುವವನೂ ಒಂದೇ ಜಾಗದಲ್ಲಿ ಇದ್ದುದರಿಂದ ಎಲೆಕ್ಟ್ರಾನು ಅಲ್ಲೇ ಕೈ ಬದಲಾಯಿಸಿತು. ನಿಮಗೆ ವಿದ್ಯುತ್ತು ಸಿಗಲಿಲ್ಲ.

ಸೆಲ್‌ನಲ್ಲಿ ಮಾಡುವುದು ಇವರಿಬ್ಬರನ್ನು ಬೇರೆ ಬೇರೆ ಲೋಟದಲ್ಲಿ ಇಡುವುದು, ಅಷ್ಟೇ. ಕಬ್ಬಿಣದ ಜಾಗದಲ್ಲಿ ಇಲ್ಲಿ ಕೊಡುವವನು ಸತು, ಅಂದರೆ ಜಿಂಕ್. ಒಂದು ಲೋಟದ ಜಿಂಕ್ ಸಲ್ಫೇಟ್ ನೀರಿನಲ್ಲಿ ಸತುವಿನ ತಗಡು, ಇನ್ನೊಂದರ ಮೈಲುತುತ್ತದ ನೀರಿನಲ್ಲಿ ತಾಮ್ರದ ತಗಡು. ಎಲೆಕ್ಟ್ರಾನು ಈಗ ಹೊರಗಿನ ವೈರಿನಲ್ಲಿ ಸುತ್ತು ಹಾಕಿಕೊಂಡೇ ಹೋಗಬೇಕು. ಎರಡೂ ಲೋಟಗಳ ನಡುವೆ ಉಪ್ಪು ನೀರಲ್ಲಿ ನೆನೆಸಿದ ಕಾಗದವನ್ನು ಸೇತುವೆಯಾಗಿ ಇಡುತ್ತೇವೆ. ಒಂದು ಕಡೆ ಧನ, ಇನ್ನೊಂದು ಕಡೆ ಋಣ ಸೇರಿಕೊಂಡು ಓಟ ನಿಂತುಹೋಗದಂತೆ ಅದು ನೋಡಿಕೊಳ್ಳುತ್ತದೆ. ಇಂಗ್ಲೆಂಡಿನ ಡೇನಿಯಲ್ 1836ರಲ್ಲಿ ಮಾಡಿದ್ದು ಇದೇ ಸತು-ತಾಮ್ರದ ಜೋಡಿಯನ್ನು.

ಈಗ ವೋಲ್ಟೇಜ್ ಎಲ್ಲಿ ಹುಟ್ಟುತ್ತದೆ ನೋಡೋಣ. ತಾಮ್ರದ ತಗಡಿನ ಮೇಲೆ ಎರಡು ಓಡಾಟ ಒಟ್ಟಿಗೇ ನಡೆದಿರುತ್ತದೆ. ನೀರಿನಲ್ಲಿರುವ ತಾಮ್ರದ ಅಯಾನು ಬಂದು ಎರಡು ಎಲೆಕ್ಟ್ರಾನು ಪಡೆದು ತಗಡಿಗೆ ಸೇರುತ್ತದೆ. ತಗಡಿನ ತಾಮ್ರ ಎರಡು ಎಲೆಕ್ಟ್ರಾನು ಬಿಟ್ಟು ಅಯಾನಾಗಿ ನೀರಿಗೆ ಹೋಗುತ್ತದೆ. ಬರುವುದೂ ಹೋಗುವುದೂ ಸಮ ಆಗುವವರೆಗೆ ತಗಡಿನ ವಿದ್ಯುತ್ ಮಟ್ಟ ಸ್ವಲ್ಪ ಏರಿಯೋ ಇಳಿದೋ ಒಂದು ಕಡೆ ನಿಲ್ಲುತ್ತದೆ. ಸತುವಿನ ತಗಡಿನ ಮೇಲೂ ಇದೇ ನಡೆಯುತ್ತದೆ. ಆದರೆ ಸತುವಿಗೆ ಎಲೆಕ್ಟ್ರಾನು ಬಿಟ್ಟು ನೀರಿಗೆ ಇಳಿಯುವ ಒಲವು ಬಹಳ ಜಾಸ್ತಿ. ಹಾಗಾಗಿ ಅದರ ತಗಡಿನಲ್ಲಿ ಎಲೆಕ್ಟ್ರಾನು ಹೆಚ್ಚು ಉಳಿದು, ಮಟ್ಟ ತುಂಬಾ ಕೆಳಗೆ ಹೋಗಿ ನಿಲ್ಲುತ್ತದೆ. ಮೀಟರ್ ತೋರಿಸುವುದು ಈ ಎರಡು ಮಟ್ಟಗಳ ನಡುವಿನ ಅಂತರವನ್ನು. ಎರಡೂ ದ್ರಾವಣದ ಸಾರತೆ, ಅಂದರೆ ನೀರಿನಲ್ಲಿ ಕರಗಿದ್ದರ ಗಟ್ಟಿತನ, ಒಂದು ಮೋಲಾರ್ ಇದ್ದಾಗ ಪುಸ್ತಕದ ಲೆಕ್ಕದಲ್ಲಿ ಅದು 1.10 ವೋಲ್ಟ್. ತಗಡು ದೊಡ್ಡದಾದರೂ ಲೋಟ ದೊಡ್ಡದಾದರೂ ಅಂತರ ಅಷ್ಟೇ ಇರುತ್ತದೆ. ಎರಡು ಕೆರೆಗಳ ನೀರಿನ ಮಟ್ಟಕ್ಕೆ ಎಷ್ಟು ಅಡಿ ವ್ಯತ್ಯಾಸ ಎಂದು ಅಳೆಯುವಾಗ ಕೆರೆಯ ಅಗಲ ಲೆಕ್ಕಕ್ಕೆ ಬರುವುದಿಲ್ಲವಲ್ಲ, ಹಾಗೆ.

ಈ ಚಿತ್ರ ಮನಸ್ಸಿನಲ್ಲಿ ಇಟ್ಟುಕೊಂಡು ಮೈಲುತುತ್ತದ ನೀರನ್ನು ಹತ್ತು ಪಟ್ಟು ತೆಳು ಮಾಡಿ. ತಗಡಿಗೆ ಬರುವ ಅಯಾನುಗಳು ಹತ್ತರಲ್ಲಿ ಒಂದು ಪಾಲಿಗೆ ಇಳಿದವು. ತಗಡಿನಿಂದ ಹೋಗುವವು ಮಾತ್ರ ಮೊದಲಿನಷ್ಟೇ ಹೋಗುತ್ತಿವೆ. ಹೋಗುವವು ತಮ್ಮ ಎಲೆಕ್ಟ್ರಾನುಗಳನ್ನು ತಗಡಿನಲ್ಲೇ ಬಿಟ್ಟು ಹೋಗುವುದರಿಂದ ತಗಡು ಸ್ವಲ್ಪ ಋಣದ ಕಡೆ ಸರಿಯುತ್ತದೆ. ಋಣದ ಕಡೆ ಸರಿದ ತಗಡು ಧನ ಅಯಾನುಗಳನ್ನು ಜೋರಾಗಿ ಎಳೆಯುತ್ತದೆ, ಹೊರಡುವವನ್ನು ತಡೆಯುತ್ತದೆ. ಹೀಗೆ ಮತ್ತೆ ಸಮತೋಲ ಬರುತ್ತದೆ.

ಇಲ್ಲಿ ಕೇಳಬೇಕಾದದ್ದು ಒಂದೇ. ಹತ್ತು ಪಟ್ಟು ಕೊರತೆ ತುಂಬಲು ಮಟ್ಟ ಎಷ್ಟು ಇಳಿಯಬೇಕು? ಬರೀ 30 ಮಿಲಿವೋಲ್ಟ್ ಸಾಕು. ಎರಡು ಧನ ಹೊತ್ತ ಅಯಾನಿನ ಓಡಾಟ ವೋಲ್ಟೇಜಿಗೆ ಅಷ್ಟು ಬೇಗ ಬಗ್ಗುತ್ತದೆ. ಕೋಣೆಯ ಶಾಖದಲ್ಲಿ ಮಟ್ಟ 30 ಮಿಲಿವೋಲ್ಟ್ ಸರಿದರೆ ಬರುವ-ಹೋಗುವ ಪ್ರಮಾಣ ಹತ್ತು ಪಟ್ಟು ಬದಲಾಗುತ್ತದೆ. ಇನ್ನೊಂದು 30 ಸರಿದರೆ ನೂರು ಪಟ್ಟು. ಸೂತ್ರದಲ್ಲಿ ಲಾಗ್ ಇರುವುದು ಈ ಕಾರಣಕ್ಕೇ. ಬೆಳ್ಳಿಯ ಅಯಾನು ಹೊರುವುದು ಒಂದೇ ಧನ. ಅದರ ಮೇಲೆ ಹಿಡಿತ ಅರ್ಧವೇ ಇರುವುದರಿಂದ ಅದಕ್ಕೆ ಪ್ರತಿ ಹತ್ತು ಪಟ್ಟಿಗೆ 59 ಮಿಲಿವೋಲ್ಟ್ ಬೇಕು.

ತಾಮ್ರದ್ದು ಮೇಲಿನ ಮಟ್ಟ. ಅದು ಇಳಿದರೆ ಅಂತರ ಕಡಿಮೆ ಆಗುತ್ತದೆ. ಸತುವಿನದು ಕೆಳಗಿನ ಮಟ್ಟ. ಆ ಕಡೆ ತೆಳು ಮಾಡಿದರೆ ಅದೂ ಇಳಿಯುತ್ತದೆ, ಆದರೆ ಕೆಳಗಿನದು ಇನ್ನೂ ಕೆಳಗೆ ಹೋದರೆ ಅಂತರ ಹೆಚ್ಚುತ್ತದೆ. ನಿಮ್ಮ ಮೀಟರ್ ಏರಿದ್ದು ಅದಕ್ಕೆ. ಎರಡೂ ಲೋಟಗಳನ್ನು ಒಂದೇ ಪ್ರಮಾಣದಲ್ಲಿ ತೆಳು ಮಾಡಿ ನೋಡಿ. ಎರಡೂ ಮಟ್ಟ ಹೆಚ್ಚುಕಡಿಮೆ ಒಂದೇ ಸಮ ಇಳಿದು, ಮೀಟರಿನ ಓದು 1.086ರ ಹತ್ತಿರಕ್ಕೆ ವಾಪಸ್ ಬರಬೇಕು.

ಮಗಳು ಹೇಳಿದ ಸೂತ್ರ ಇದು, ನರ್ನ್ಸ್ಟ್ ಸಮೀಕರಣ:

E = E° − (0.0592/n) log Q

ನಮ್ಮ ಸೆಲ್‌ಗೆ E° ಎಂದರೆ ಆ 1.10 ವೋಲ್ಟ್, n ಎಂದರೆ ಕೈ ಬದಲಾಯಿಸುವ ಎಲೆಕ್ಟ್ರಾನುಗಳ ಸಂಖ್ಯೆ, 2. Q ಎಂದರೆ ಸತುವಿನ ಅಯಾನಿನ ಸಾರತೆಯನ್ನು ತಾಮ್ರದ ಅಯಾನಿನ ಸಾರತೆಯಿಂದ ಭಾಗಿಸಿದ್ದು. ಸತು 1, ತಾಮ್ರ 0.1 ಇದ್ದರೆ Q ಹತ್ತು, ಅದರ ಲಾಗ್ ಒಂದು. 1.10ರಲ್ಲಿ 0.03 ಕಳೆದರೆ 1.07.

ಅಂದರೆ ಪುಸ್ತಕದ ಪ್ರಕಾರ ನಿಮ್ಮದು 30 ಮಿಲಿವೋಲ್ಟ್ ಇಳಿಯಬೇಕಿತ್ತು. ಇಳಿದದ್ದು 16. ದಯವಿಟ್ಟು ಇದನ್ನು ನಿಮ್ಮ ತಪ್ಪು ಅಂದುಕೊಳ್ಳಬೇಡಿ, ಮಗಳು ರೆಕಾರ್ಡ್ ಪುಸ್ತಕದಲ್ಲಿ 30 ಎಂದು ತಿದ್ದುವುದೂ ಬೇಡ. ಗಟ್ಟಿ ದ್ರಾವಣದಲ್ಲಿ ತಾಮ್ರದ ಅಯಾನು ಸಲ್ಫೇಟ್ ಅಯಾನುಗಳ ಗುಂಪಿನಲ್ಲಿ ಸಿಕ್ಕಿಕೊಂಡಿರುತ್ತದೆ. ಎರಡು ಧನ, ಎರಡು ಋಣ, ಸೆಳೆತ ಜೋರು. ತೂಕದ ಲೆಕ್ಕದಲ್ಲಿ ಎಷ್ಟು ತಾಮ್ರ ಇದೆಯೋ ಅಷ್ಟೂ ತಗಡಿನ ಹತ್ತಿರ ಕೆಲಸಕ್ಕೆ ಬರುವುದಿಲ್ಲ. ನೀರು ಸೇರಿಸಿದಾಗ ಸಿಕ್ಕಿಕೊಂಡವು ಬಿಡಿಸಿಕೊಳ್ಳುತ್ತವೆ. ಹಾಗಾಗಿ ನೀವು ಹತ್ತು ಪಟ್ಟು ತೆಳು ಮಾಡಿದರೂ ಕೆಲಸಕ್ಕೆ ಬರುವ ಅಯಾನು ಸುಮಾರು ಮೂರು ಪಟ್ಟು ಮಾತ್ರ ಕಡಿಮೆ ಆಗಿರುತ್ತದೆ. ಅದೇ ನೀರನ್ನು ಇನ್ನೂ ಹತ್ತು ಪಟ್ಟು, ಮತ್ತೆ ಹತ್ತು ಪಟ್ಟು ತೆಳು ಮಾಡುತ್ತಾ ಹೋಗಿ. ಪ್ರತಿ ಹೆಜ್ಜೆಯ ಇಳಿತ ದೊಡ್ಡದಾಗುತ್ತಾ 30ರ ಕಡೆಗೆ ಸಾಗುತ್ತದೆ. ಸೂತ್ರ ಸರಿಯಾಗಿ ಕೂರುವುದು ತೆಳು ದ್ರಾವಣಕ್ಕೆ.

ಓದು 1.0ಕ್ಕಿಂತ ಕೆಳಗೆ ಬಂದರೆ ಮಾತ್ರ ಏನೋ ಕೆಟ್ಟಿದೆ ಎಂದು ಹುಡುಕಬೇಕು. ಸತುವಿನ ತಗಡು ಕಪ್ಪಗಾಗಿದ್ದರೆ ಮೈಲುತುತ್ತ ಸೇತುವೆ ದಾಟಿ ಆ ಕಡೆ ಬಂದಿದೆ. ನಿಮ್ಮ ಚಾಕುವಿಗೆ ಆದದ್ದೇ ಅದಕ್ಕೂ ಆಗಿದೆ. ಉಜ್ಜುವ ಕಾಗದದಲ್ಲಿ ತಿಕ್ಕಿ, ಸೇತುವೆ ಬದಲಾಯಿಸಿ. ಸತುವಿನ ಬದಲು ಜಿಐ ಶೀಟಿನ ತುಂಡು ಹಾಕಿದ್ದರೆ ಅದರ ಮೇಲಿನ ಸತುವಿನ ಲೇಪ ಕರಗಿ ಒಳಗಿನ ಕಬ್ಬಿಣ ಕಾಣಿಸಿಕೊಳ್ಳುತ್ತದೆ. ಆಗ ಓದು 0.78ರ ಕಡೆಗೆ ಜಾರುತ್ತದೆ. ಜಿಂಕ್ ಸಲ್ಫೇಟ್ ಚೀಲದ ಮೇಲೆ 21 ಅಂತ ಇದೆಯೋ 33 ಅಂತ ಇದೆಯೋ ಅದನ್ನೂ ನೋಡಿ. 33ರದ್ದರಲ್ಲಿ ನೀರಿನ ಅಂಶ ಕಡಿಮೆ, ಅದೇ ತೂಕಕ್ಕೆ ಸತು ಜಾಸ್ತಿ ಬರುತ್ತದೆ. ಆದರೆ ಅದರಿಂದ ಆಗುವ ವ್ಯತ್ಯಾಸ ಕೆಲವೇ ಮಿಲಿವೋಲ್ಟ್.

ಎಲ್‌ಇಡಿ ವಿಷಯಕ್ಕೆ ಬರೋಣ. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು, ಒಂದು ಸೆಲ್ ಸಾಲದು. ಎರಡನ್ನು ಸಾಲಾಗಿ ಜೋಡಿಸಿದರೂ ಉರಿಯದೆ ಇರಬಹುದು. ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಸಣ್ಣದು. ಎಲ್‌ಇಡಿ ಕೆಲವು ಮಿಲಿಆಂಪಿಯರ್ ಕೇಳುತ್ತದೆ. ಅಷ್ಟೂ ನಿಮ್ಮ ಕಾಗದದ ಸೇತುವೆಯ ಮೂಲಕ ನುಸುಳಬೇಕು. ಅದು ಎಷ್ಟು ತಡೆಯುತ್ತದೆ ಎಂದು ತಿಳಿಯಲು ಸುಲಭದ ದಾರಿ ಇದೆ. ಸೆಲ್‌ನ ಎರಡೂ ತುದಿಗೆ 1000 ಓಮ್ ರೆಸಿಸ್ಟರ್ ಹಚ್ಚಿ ಓದು ನೋಡಿ. 1.08 ಇದ್ದದ್ದು 0.54ಕ್ಕೆ ಬಿದ್ದರೆ ಸೆಲ್‌ನ ಒಳಗಿನ ತಡೆಯೂ 1000 ಓಮ್ ಎಂದೇ ಅರ್ಥ. ಅಗಲವಾದ, ಗಿಡ್ಡ ಸೇತುವೆ ಇಟ್ಟರೆ ತಡೆ ಇಳಿಯುತ್ತದೆ.

ನೀರು ಜಾಸ್ತಿ ಆದರೆ ಕೆಲಸ ಕೆಡುತ್ತದೆ ಎಂಬ ನಿಮ್ಮ ಅನುಭವ ಇಲ್ಲಿ, ಈ ಕರೆಂಟಿನಲ್ಲಿ ನಿಜವಾಗುತ್ತದೆ. ತೆಳು ದ್ರಾವಣದಲ್ಲಿ ಸಾಗಿಸಲು ಅಯಾನುಗಳೇ ಕಡಿಮೆ. ತಗಡಿನ ಹತ್ತಿರದ ತಾಮ್ರವೂ ಬೇಗ ಮುಗಿಯುತ್ತದೆ. ವೋಲ್ಟೇಜ್ ಮಾತ್ರ ಇದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಎರಡೂ ಕಡೆ ಒಂದು ಮೋಲಾರಿನಿಂದ ಶುರುವಾದ ಸೆಲ್ ನೂರರಲ್ಲಿ 99 ಪಾಲು ತಾಮ್ರ ಖರ್ಚು ಮಾಡಿದೆ ಅಂದುಕೊಳ್ಳಿ. ತಾಮ್ರ 0.01, ಸತು 1.99. Q ಎಂದರೆ 199, ಲಾಗ್ 2.3. ಸೂತ್ರ ಕೊಡುವ ಉತ್ತರ 1.03 ವೋಲ್ಟ್! ಹೆಚ್ಚುಕಡಿಮೆ ಖಾಲಿಯಾದ ಸೆಲ್ಲೂ ಮೀಟರಿನ ಮುಂದೆ ಹೊಸದರಂತೆ ನಿಲ್ಲುತ್ತದೆ.

ಸಾರತೆಯಿಂದ ವೋಲ್ಟೇಜ್ ದೊಡ್ಡದಾಗಿ ಬೀಳುವುದನ್ನು ಕಣ್ಣಾರೆ ನೋಡಬೇಕೆಂದರೆ ನೀರು ಸೇರಿಸಿ ಪ್ರಯೋಜನ ಇಲ್ಲ. ಸುಣ್ಣ ಬೇಕು. ತೆಳು ಮಾಡಿದ ಮೈಲುತುತ್ತದ ಲೋಟಕ್ಕೆ ಅರಳಿದ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕದಡಿ. ನೀಲಿ ಗಸಿ ಕೂರುತ್ತದೆ. ಆಮೇಲೂ ಸುಣ್ಣ ಸ್ವಲ್ಪ ಮಿಗುವಷ್ಟು ಹಾಕಿ. ತಾಮ್ರ ಲೋಟದಲ್ಲೇ ಇದೆ, ಆದರೆ ಬಿಡಿ ಅಯಾನಾಗಿ ಉಳಿದಿಲ್ಲ, ಗಸಿಯೊಳಗೆ ಕೂತುಬಿಟ್ಟಿದೆ. ಲೆಕ್ಕ ಹಾಕಿದರೆ ಬಿಡಿ ಅಯಾನಿನ ಸಾರತೆ ಹತ್ತು ಪಟ್ಟಿನಂತೆ ಸುಮಾರು ಹದಿನೈದು ಹದಿನಾರು ಹೆಜ್ಜೆ ಇಳಿಯುತ್ತದೆ. ಹೆಜ್ಜೆಗೆ 30 ಮಿಲಿವೋಲ್ಟ್‌ನಂತೆ ಹೆಚ್ಚುಕಡಿಮೆ ಅರ್ಧ ವೋಲ್ಟ್ ಹೋಗುತ್ತದೆ. ಮೀಟರ್ ಒಂದೇ ಕಡೆ ನಿಲ್ಲದೆ ಅಲ್ಲಾಡಬಹುದು, ಬಿದ್ದದ್ದಂತೂ ಚೆನ್ನಾಗಿ ಕಾಣುತ್ತದೆ. ಚಾಕುವಿನ ಮೇಲೆ ಕೆಂಪು ಕೂರುವುದು ನಿಲ್ಲುವವರೆಗೆ ನೀವು ತೋಟದಲ್ಲಿ ಸುಣ್ಣ ಹಾಕುತ್ತಿದ್ದುದೂ ಈ ಬಿಡಿ ತಾಮ್ರವನ್ನು ಇಳಿಸಲಿಕ್ಕೇ.

ಮೈಲುತುತ್ತ ವಿಷ. ಅಡುಗೆ ಮನೆಯ ಲೋಟ ಬೇಡ, ಗಾಜಿನ ಹಳೇ ಬಾಟಲಿ ಬಳಸಿ. ಸುಣ್ಣ ಹಾಕಿದ ಮೇಲೆ ಓದು ಎಷ್ಟಕ್ಕೆ ಬಂತು ಎಂದು ಮಗಳ ಕೈಯಲ್ಲೇ ಬರೆಸಿ ಕಳಿಸಿ.
— ಸಂಪಾದಕ