ಟಿಎಸ್‌ಎಚ್ ನಾರ್ಮಲ್, ಟಿ4 ಕಡಿಮೆ: ವೈವಾದಲ್ಲಿ ಏನು ಹೇಳಬೇಕು?

ದಾವಣಗೆರೆಯಲ್ಲಿ ಫೈನಲ್ ಇಯರ್ ಎಂಬಿಬಿಎಸ್. ಇಂಥ ಥೈರಾಯ್ಡ್ ರಿಪೋರ್ಟ್ ಕೈಗೆ ಕೊಟ್ಟರೆ ಹೇಗೆ ಶುರು ಮಾಡಲಿ?

ಹೀಗೆ ಅಭ್ಯಾಸ ಮಾಡಿ.

ಪರೀಕ್ಷಕರು: ಚಳ್ಳಕೆರೆಯ 32ರ ಹೆಂಗಸು, ಸುಸ್ತು. ಟಿಎಸ್‌ಎಚ್ 2.1, ಫ್ರೀ ಟಿ4 0.5. ಥೈರಾಯ್ಡ್ ಸರಿಯಿದೆಯಾ?

ವಿದ್ಯಾರ್ಥಿ: ಇಲ್ಲ ಸರ್. ಟಿ4 ಇಷ್ಟು ಇಳಿದಾಗ ಟಿಎಸ್‌ಎಚ್ ಏರಬೇಕಿತ್ತು. ಏರಿಲ್ಲ ಅಂದರೆ ಪಿಟ್ಯುಟರಿ ಮೇಲೆ ಅನುಮಾನ. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ, ಎದೆಹಾಲು ಬಂತಾ ಅಂತ ಕೇಳುತ್ತೇನೆ.

ಪರೀಕ್ಷಕರು: ರಕ್ತ ಹೋಗಿತ್ತು, ಹಾಲು ಬರಲೇ ಇಲ್ಲ, ಆಮೇಲೆ ಮುಟ್ಟೂ ಆಗಿಲ್ಲ. ಥೈರಾಕ್ಸಿನ್ ಕೊಡೋಣವೇ?

ವಿದ್ಯಾರ್ಥಿ: ಶೀಹಾನ್ ಸಿಂಡ್ರೋಮ್ ಇರಬಹುದು ಸರ್. ಮೊದಲು ಬೆಳಗ್ಗೆ 8ರ ಕಾರ್ಟಿಸಾಲ್. ಅದು ಕಡಿಮೆಯಿದ್ದರೆ ಹೈಡ್ರೊಕಾರ್ಟಿಸೋನ್ ಕೊಟ್ಟ ಮೇಲೆಯೇ ಥೈರಾಕ್ಸಿನ್. ಥೈರಾಕ್ಸಿನ್ ಮೊದಲೇ ಕೊಟ್ಟರೆ ಇರುವ ಕಾರ್ಟಿಸಾಲ್ ಬೇಗ ಖರ್ಚಾಗಿ ಅಡ್ರಿನಲ್ ಕ್ರೈಸಿಸ್ ಆಗಬಹುದು.

ಹೆಚ್ಚಿನವರು ಎಡವುವುದು ಈ ಕಾರ್ಟಿಸಾಲ್‌ನಲ್ಲೇ. ಮುಂದಿನ ಪ್ರಶ್ನೆ ಡೋಸ್ ಬಗ್ಗೆ ಬರಬಹುದು: ಇಲ್ಲಿ ಫ್ರೀ ಟಿ4 ನೋಡಿ ಹೊಂದಿಸಬೇಕು, ಟಿಎಸ್‌ಎಚ್ ನಂಬುವಂತಿಲ್ಲ.