34 ಸರಿ, ಪಟ್ಟಿ ತಪ್ಪು

ಪತ್ರ: ಸಂಪಾದಕರಿಗೆ ನಮಸ್ಕಾರ. ಮ್ಯಾಕ್ಸಿಮಮ್ ಸಮ್ ಇನ್‌ಕ್ರೀಸಿಂಗ್ ಸಬ್‌ಸೀಕ್ವೆನ್ಸ್ ಪ್ರೋಗ್ರಾಂ ಬರೆದಿದ್ದೇನೆ, ಅಂದರೆ ಕೊಟ್ಟ ಸಂಖ್ಯೆಗಳ ಕ್ರಮ ಬದಲಿಸದೆ, ಏರುತ್ತಾ ಹೋಗುವ ಕೆಲವನ್ನು ಮೊತ್ತ ಅತಿ ದೊಡ್ಡದಾಗುವಂತೆ ಆರಿಸುವುದು. 7, 3, 5, 6, 20, 9, 10 ಕೊಟ್ಟರೆ ಮೊತ್ತ 34 ಅಂತ ಸರಿಯಾಗಿ ಬರುತ್ತದೆ. ಆರಿಸಿದ ಸಂಖ್ಯೆಗಳನ್ನು ಪ್ರಿಂಟ್ ಮಾಡಿಸಿದರೆ ಮಾತ್ರ 7, 5, 6, 20 ಬರುತ್ತದೆ. ಅತಿ ದೊಡ್ಡ ಮೊತ್ತ ಹೆಚ್ಚಾದಾಗಲೆಲ್ಲ ಆ ಸಂಖ್ಯೆಯನ್ನು ಪಟ್ಟಿಗೆ ಸೇರಿಸುತ್ತಿದ್ದೇನೆ. ಎಲ್ಲಿ ಎಡವಿದೆ?
— ಒಬ್ಬ ವಿದ್ಯಾರ್ಥಿನಿ, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಪಟ್ಟಿಯನ್ನು ಒಮ್ಮೆ ಕೂಡಿ ನೋಡಿ. 38 ಆಗುತ್ತದೆ, ಅಲ್ವಾ? ಅದೂ ಅಲ್ಲದೆ 7 ಆದಮೇಲೆ 5 ಬಂದಿದೆ, ಅಲ್ಲಿ ಏರಿಕೆಯೇ ಇಲ್ಲ. ಪ್ರಿಂಟ್ ಆದದ್ದನ್ನು ಕೂಡಿ, ಮೊತ್ತದ ಜೊತೆ ಹೋಲಿಸುವ ಒಂದು ಸಾಲನ್ನು ಕೊನೆಗೆ ಹಾಕಿಟ್ಟಿದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಇನ್ನು 7 ಹೇಗೆ ನುಸುಳಿತು ನೋಡೋಣ. ನಿಮ್ಮ ಪ್ರೋಗ್ರಾಂ ಪ್ರತಿ ಜಾಗಕ್ಕೂ ಒಂದು ಲೆಕ್ಕ ಇಡುತ್ತದೆ: ಈ ಸಂಖ್ಯೆಯಲ್ಲೇ ಮುಗಿಯುವ ಏರಿಕೆಯ ಸಾಲುಗಳಲ್ಲಿ ದೊಡ್ಡ ಮೊತ್ತ ಎಷ್ಟು? ನಿಮ್ಮ ಸಂಖ್ಯೆಗಳಿಗೆ ಅದು 7, 3, 8, 14, 34, 23, 33. ಮೊದಲು ಬಂದ 7 ಆ ಹೊತ್ತಿಗೆ ದಾಖಲೆ, ಪಟ್ಟಿಗೆ ಸೇರಿತು. ಆಮೇಲೆ 3 ಬಂತು. ಅದು ದಾಖಲೆ ಮುರಿಯಲಿಲ್ಲ, ನೀವು ಬಿಟ್ಟುಬಿಟ್ಟಿರಿ. ಮುಂದೆ 5ಕ್ಕೆ 8 ಬಂತು, ಏಳರ ದಾಖಲೆ ಮುರಿಯಿತು. ಆದರೆ ಆ 8 ಹುಟ್ಟಿದ್ದು ನೀವು ಬಿಟ್ಟ 3ರಿಂದ. 7ಕ್ಕೂ 5ಕ್ಕೂ ಸಂಬಂಧವೇ ಇಲ್ಲ. ಯಾರ ದಾಖಲೆ ಮುರಿದೆ ಅನ್ನೋದು ಬೇರೆ, ಯಾರ ಹೆಗಲ ಮೇಲೆ ನಿಂತೆ ಅನ್ನೋದು ಬೇರೆ. ನೀವು ಬರೆದಿಟ್ಟದ್ದು ಮೊದಲನೆಯದು, ಬೇಕಾದದ್ದು ಎರಡನೆಯದು.

ಹಾಗಾಗಿ ಇನ್ನೊಂದು ಅರೇ ಇಡಿ. ಮೊತ್ತ ಬದಲಾದ ಗಳಿಗೆಯಲ್ಲೇ, ಅದೇ `if` ಒಳಗೆ, ಹಿಂದಿನವನ ಇಂಡೆಕ್ಸ್ ಬರೆದುಕೊಳ್ಳಿ:

```python
a = [7, 3, 5, 6, 20, 9, 10]
n = len(a)
s = a[:]
p = [-1] * n
for i in range(n):
    for j in range(i):
        if a[j] < a[i] and s[j] + a[i] > s[i]:
            s[i] = s[j] + a[i]
            p[i] = j
k = s.index(max(s))
out = []
while k != -1:
    out.append(a[k])
    k = p[k]
print(out[::-1])
```

`p` ಕೊನೆಗೆ -1, -1, 1, 2, 3, 3, 5 ಆಗಿರುತ್ತದೆ. 34 ಇರುವುದು ಇಂಡೆಕ್ಸ್ 4ರಲ್ಲಿ. ಅಲ್ಲಿ 20 ಎತ್ತಿಕೊಳ್ಳಿ. `p[4]` 3 ಅನ್ನುತ್ತದೆ, ಅಲ್ಲಿ 6 ಇದೆ. ಅಲ್ಲಿಂದ 2ಕ್ಕೆ ಹೋದರೆ 5, 1ಕ್ಕೆ ಹೋದರೆ 3. ಆಮೇಲೆ -1, ಅಲ್ಲಿಗೆ ನಿಲ್ಲಿ. ಸಿಕ್ಕಿದ್ದು ಹಿಂದುಮುಂದಾಗಿ ಇರುತ್ತದೆ, ತಿರುಗಿಸಿದರೆ 3, 5, 6, 20. ಕೂಡಿದರೆ 34.

ನಡಿಗೆ ಶುರುವಾಗಬೇಕಾದ್ದು ದೊಡ್ಡ ಮೊತ್ತ ಇರುವ ಜಾಗದಿಂದ, ಅರೇಯ ಕೊನೆಯಿಂದ ಅಲ್ಲ. ಕೊನೆಯ 10ರಿಂದ ಹೊರಟರೆ 3, 5, 6, 9, 10 ಸಿಗುತ್ತದೆ. ನೋಡೋಕೆ ಚೆನ್ನಾಗೇ ಇದೆ, ಐದು ಸಂಖ್ಯೆ, ಎಲ್ಲವೂ ಏರಿಕೆಯಲ್ಲಿ. ಆದರೆ ಮೊತ್ತ 33. ಅತಿ ಉದ್ದದ ಸಾಲು ಅದೇ, ಅತಿ ಭಾರದ್ದು ಅದಲ್ಲ.

ಮೂರನೇ ಸಾಲಿನ `a[:]` ಬಗ್ಗೆ ನನ್ನದೇ ಒಂದು ಕಥೆ ಇದೆ. ಒಮ್ಮೆ ಸುಮ್ನೆ `s = a` ಅಂತ ಬರೆದು ಇಡೀ ಸಂಜೆ ಹಾಳು ಮಾಡಿಕೊಂಡೆ. ಹಾಗೆ ಬರೆದರೆ ಪೈಥಾನ್‌ನಲ್ಲಿ ನಕಲು ಆಗುವುದಿಲ್ಲ, ಒಂದೇ ಅರೇಗೆ ಎರಡು ಹೆಸರು ಆಗುತ್ತದೆ. ಮೊತ್ತ ಬರೆದಾಗಲೆಲ್ಲ ಮೂಲ ಸಂಖ್ಯೆಯೇ ಅಳಿಸಿಹೋಗುತ್ತದೆ. ನಿಮ್ಮ 5 ಆಗಲೇ 8 ಆಗಿರುತ್ತದೆ, ಅಲ್ಲಿಂದ ಮುಂದೆ ಎಲ್ಲ ಹೋಲಿಕೆಯೂ ಸುಳ್ಳು.

ಗೆಳತಿಯ ಉತ್ತರ ನಿಮ್ಮದಕ್ಕಿಂತ ಬೇರೆ ಬಂದರೆ ತಕ್ಷಣ ಗಾಬರಿ ಬೇಡ. 7, 3, 4, 8 ಕೊಟ್ಟು ನೋಡಿ. 7, 8 ಕೂಡಿದರೂ 15, 3, 4, 8 ಕೂಡಿದರೂ 15. ಮೇಲಿನ ಕೋಡಿನಲ್ಲಿ `>` ಇರುವುದರಿಂದ ಮೊದಲು ಸಿಕ್ಕ 7 ಉಳಿಯುತ್ತದೆ. `>=` ಹಾಕಿದರೆ ಆಮೇಲೆ ಬಂದ 4 ಅದರ ಜಾಗ ಹಿಡಿಯುತ್ತದೆ. ಎರಡೂ ಸರಿ. ಪ್ರಶ್ನೆಯಲ್ಲಿ ಯಾವುದು ಬೇಕು ಅಂತ ಹೇಳಿದ್ದರೆ ಮಾತ್ರ ಯೋಚಿಸಿ.

ಲ್ಯಾಬಿನ ಪ್ರಶ್ನೆಗಳಿಗೆ ಈ ಎರಡು ಲೂಪ್ ಧಾರಾಳ ಸಾಕು. 1 ಲಕ್ಷ ಸಂಖ್ಯೆ ಬಂದರೆ ಮಾತ್ರ ಹೋಲಿಕೆಗಳು ಸುಮಾರು 500 ಕೋಟಿ ಆಗುತ್ತವೆ, ಪೈಥಾನ್ ಏದುಸಿರು ಬಿಡುತ್ತದೆ. ಅಂಥ ಕಡೆ ಫೆನ್ವಿಕ್ ಟ್ರೀ ಬಳಸುತ್ತಾರೆ: ಈ ಸಂಖ್ಯೆಗಿಂತ ಚಿಕ್ಕವುಗಳಲ್ಲಿ ದೊಡ್ಡ ಮೊತ್ತ ಎಷ್ಟು ಅಂತ ಅದನ್ನು ಕೇಳಿದರೆ ಬೇಗ ಹೇಳುತ್ತದೆ. ಅಲ್ಲೂ ಜನ ನಿಮ್ಮ ಹಾಗೇ ಎಡವುತ್ತಾರೆ. ಟ್ರೀಯಲ್ಲಿ ಬರೀ ಮೊತ್ತ ತುಂಬುತ್ತಾರೆ, ಉತ್ತರ ಬಂದಮೇಲೆ ಅದು ಯಾರದು ಅಂತ ತಿಳಿಯದೆ ಕೂರುತ್ತಾರೆ. ಪ್ರತಿ ಕೋಣೆಯಲ್ಲೂ ಮೊತ್ತದ ಪಕ್ಕ ಅದರ ಇಂಡೆಕ್ಸ್ ಕೂಡ ಇಡಿ. ಟ್ರೀ ಕೊಟ್ಟ ಆ ಇಂಡೆಕ್ಸನ್ನೇ `p[i]` ಆಗಿ ಬರೆದುಕೊಂಡರೆ ಹಿಂದಕ್ಕೆ ನಡೆಯುವ ಕೊನೆಯ ಸಾಲುಗಳು ಒಂದಕ್ಷರವೂ ಬದಲಾಗುವುದಿಲ್ಲ.