ಬುಕಿಂಗ್‌ಗಳ ಸಮಯ ಒಂದರ ಮೇಲೊಂದು ಬೀಳುವುದನ್ನು ಕೋಡ್‌ನಲ್ಲಿ ಹಿಡಿಯುವುದು ಹೇಗೆ?

ಪ್ರಶ್ನೆ: ಸಭಾಂಗಣದ ಹೊಸ ಬುಕಿಂಗ್‌ನ ಆರಂಭ ಅಥವಾ ಅಂತ್ಯ ಹಳೆಯದರ ನಡುವೆ ಬರುತ್ತದೆಯೇ ಎಂದು ನೋಡುತ್ತೇನೆ. ಆದರೂ ಕೆಲವು ಡಬಲ್ ಬುಕಿಂಗ್ ತಪ್ಪಿಸಿಕೊಳ್ಳುತ್ತವೆ. ಏಕೆ?

ಉತ್ತರ: ಹಳೆಯದು 10ರಿಂದ 11, ಹೊಸದು 9ರಿಂದ 12 ಎಂದುಕೊಳ್ಳಿ. ಹೊಸದರ ಎರಡು ತುದಿಗಳೂ ಹಳೆಯದರ ಹೊರಗಿವೆ, ಆದರೆ ಅದು ಹಳೆಯದನ್ನು ಇಡಿಯಾಗಿ ನುಂಗಿದೆ. ನಿಮ್ಮ ಪರೀಕ್ಷೆಯ ಕಣ್ಣಿಗೆ ಬೀಳದಿರುವುದು ಇದೇ.

ಇನ್ನೊಂದು ಷರತ್ತು ಸೇರಿಸಿ ತೇಪೆ ಹಾಕಬೇಡಿ, ಪ್ರಶ್ನೆಯನ್ನೇ ತಿರುಗಿಸಿ: ಇವೆರಡು ಯಾವಾಗ ತಾಕುವುದಿಲ್ಲ? ಹಳೆಯದು ಮುಗಿದ ಮೇಲೆ ಹೊಸದು ಶುರುವಾದರೆ, ಇಲ್ಲವೇ ಹಳೆಯದು ಶುರುವಾಗುವ ಮೊದಲೇ ಹೊಸದು ಮುಗಿದರೆ. ಇವೆರಡೂ ಸುಳ್ಳಾದರೆ ಘರ್ಷಣೆ ಖಚಿತ:

```python
new_start < old_end and old_start < new_end
```

ಇಲ್ಲಿ 9 < 11, 10 < 12, ಸಿಕ್ಕಿಬಿತ್ತು. `<=` ಬರೆದರೆ 11ಕ್ಕೆ ಮುಗಿಯುವ ಸಭೆಯ ಬೆನ್ನಿಗೇ 11ಕ್ಕೆ ಶುರುವಾಗುವ ಸಭೆಯೂ ತಿರಸ್ಕೃತವಾಗುತ್ತದೆ. ಆರಂಭದ ಕ್ಷಣ ಒಳಗೆ, ಅಂತ್ಯದ ಕ್ಷಣ ಹೊರಗೆ ಎಂದು ಲೆಕ್ಕ ಹಿಡಿಯಿರಿ.

ಬುಕಿಂಗ್ ತಿದ್ದುವಾಗ ಅದರದೇ ಹಳೆಯ ಸಾಲನ್ನು ಹೋಲಿಕೆಯಿಂದ ಬಿಡಿ. ಇಲ್ಲದಿದ್ದರೆ ಅದು ತನ್ನೊಂದಿಗೇ ಜಗಳವಾಡುತ್ತದೆ (ನಾನೂ ಒಮ್ಮೆ ಅರ್ಧ ದಿನ ತಲೆ ಕೆರೆದುಕೊಂಡಿದ್ದೇನೆ). ಇಬ್ಬರು ಒಂದೇ ಕ್ಷಣಕ್ಕೆ ಬುಕ್ ಮಾಡಿದರೆ ಇಬ್ಬರಿಗೂ ಜಾಗ ಖಾಲಿ ಕಾಣಬಹುದು. ಅದನ್ನು ಡೇಟಾಬೇಸ್‌ನಲ್ಲೇ ತಡೆಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ `EXCLUDE` ನಿರ್ಬಂಧವಿದೆ.